ನಮ್ಮ ಪದದ ಆಟಕ್ಕೆ ಮೂರು ವಿವರಣೆ: ಅತ್ತೆಗೆ ಅರ್ಥವಾಗಿದ್ದು ಯಾವುದು?

ನಾನೂ ತಮ್ಮನೂ ಸೇರಿ ಒಂದು ಕನ್ನಡ ಪದದ ಆಟ ಮಾಡಿ ಪ್ಲೇ ಸ್ಟೋರ್‌ಗೆ ಹಾಕಿದ್ದೇವೆ. ಕೋಡ್ ಅವನದು. ಪದಗಳ ಪಟ್ಟಿ, ಬರವಣಿಗೆ ನನ್ನದು. ಸ್ಕ್ರೀನಿನ ಕೆಳಗೆ ನಾಲ್ಕರಿಂದ ಏಳು ಬಿಲ್ಲೆ ಇರುತ್ತವೆ, ಒಂದೊಂದರ ಮೇಲೂ ಒಂದು ಅಕ್ಷರ. ಬೆರಳಲ್ಲಿ ಎಳೆದು ಜೋಡಿಸಿ ಪದ ಮಾಡಬೇಕು. ಆಟ ಅಷ್ಟೇ. ಆದರೆ ಅದರ ಬಗ್ಗೆ ಸ್ಟೋರ್‌ನಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ ಆಟ ಮಾಡಿದಷ್ಟೇ ಒದ್ದಾಡಿದೆವು.

ಬರೆಯಲು ಮೂರು ಪೆಟ್ಟಿಗೆ ಕೊಡುತ್ತಾರೆ. ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ತಿ ವಿವರಣೆಗೆ 4000. ಪೂರ್ತಿ ವಿವರಣೆ ಕಾಣಬೇಕಾದರೆ ಬಾಣದ ಗುರುತು ಒತ್ತಬೇಕು. ಎಷ್ಟು ಜನ ಒತ್ತುತ್ತಾರೆ ಹೇಳಿ? ಹಾಗಾಗಿ ನಮ್ಮ ಜಗಳವೆಲ್ಲ ಆ 80ರ ಮೇಲೇ.

ಆ 80 ಕೂಡ ನಾವು ಅಂದುಕೊಂಡ 80 ಅಲ್ಲ. ನಮ್ಮ ಆಟದಲ್ಲಿ 'ಕ್ಕಿ' ಒಂದು ಬಿಲ್ಲೆ. ಶಾಲೆಯಲ್ಲಿ ಕಲಿತಂತೆ ಅದು ಒಂದೇ ಅಕ್ಷರ. ಪೆಟ್ಟಿಗೆಗೆ ಮಾತ್ರ ಅದು ನಾಲ್ಕು: ಕ, ಅದನ್ನು ಅರ್ಧ ಮಾಡುವ ಗುರುತು, ಇನ್ನೊಂದು ಕ, ಗುಡಿಸು. 'ಸ್ತ್ರೀ' ಅಂತ ಬರೆದರೆ ಆರು ಹೋಯಿತು. ಒತ್ತಕ್ಷರ ಜಾಸ್ತಿ ಇರುವ ಭಾರದ ಪದ ಬಳಸಿದಷ್ಟೂ ಜಾಗ ಬೇಗ ಖಾಲಿ.

ಮೊದಲನೆಯ ವಿವರಣೆ ನಾನು ಬರೆದದ್ದು. ಬೇರೆ ಭಾಷೆಯ ಆಟಗಳ ವಿವರಣೆ ಓದಿ ಓದಿ ಆ ಗತ್ತು ನನಗೂ ಹತ್ತಿತ್ತು.

'ಅತ್ಯಾಕರ್ಷಕ ಪದ ಒಗಟುಗಳೊಂದಿಗೆ ನಿಮ್ಮ ಶಬ್ದಸಂಪತ್ತನ್ನು ವೃದ್ಧಿಸಿಕೊಳ್ಳಿ!'

ಪೆಟ್ಟಿಗೆಯ ಲೆಕ್ಕದಲ್ಲಿ 63. ಬರೆದ ದಿನ ಬಹಳ ಚೆನ್ನಾಗಿದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯದು ತಮ್ಮನದು. ಅವನ ವಾದದಲ್ಲಿ ಹುರುಳಿತ್ತು. ಕನ್ನಡದ ವಿವರಣೆ ತಾನಾಗಿ ಕಾಣುವುದು ಫೋನಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ. ನಮ್ಮ ಮನೆಯಲ್ಲೇ ಐದು ಫೋನಿವೆ, ಐದೂ ಇಂಗ್ಲಿಷಿನಲ್ಲಿವೆ. ಅವರಿಗೆ ಕಾಣುವುದು ಇಂಗ್ಲಿಷ್ ಪುಟ. ಹಾಗಾಗಿ ಅಲ್ಲಿಗೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕೋಣ ಅಂದ: `Akshara jodisi, pada madi!`

ಮೂರನೆಯದು ಇಬ್ಬರೂ ಸುಸ್ತಾದ ಮೇಲೆ ಬರೆದದ್ದು.

'ಚದುರಿದ ಅಕ್ಷರ ಜೋಡಿಸಿ ಕನ್ನಡ ಪದ ಮಾಡಿ. ನೆಟ್ ಬೇಡ.'

ಇದು 44.

ಆಟ ಮಾಡಿದವರಿಗೆಂದು ಸ್ಟೋರ್‌ನವರು ಕೊಡುವ ಪ್ಲೇ ಕನ್ಸೋಲ್‌ನಲ್ಲಿ ಎರಡು ವಿವರಣೆಗಳನ್ನು ಒಟ್ಟಿಗೆ ಓಡಿಸಿ ಹೋಲಿಸುವ ಸೌಲಭ್ಯ ಇದೆ. ಬಂದವರಲ್ಲಿ ಒಂದು ಪಾಲಿಗೆ ಇದು, ಇನ್ನೊಂದು ಪಾಲಿಗೆ ಅದು ಕಾಣುತ್ತದೆ. ಒಂದನೆಯದನ್ನೂ ಮೂರನೆಯದನ್ನೂ ಹಾಕಿ ವಾರಗಟ್ಟಲೆ ಕಾದೆವು. ತೀರ್ಮಾನ ಹುಟ್ಟಲಿಲ್ಲ. ನಮ್ಮ ಪುಟಕ್ಕೆ ಬರುವ ಜನ ಕಡಿಮೆ. ಅಷ್ಟು ಕಡಿಮೆ ಜನರಲ್ಲಿ ಇಬ್ಬರು ಆ ಕಡೆ, ಮೂವರು ಈ ಕಡೆ ಹೋದರೆ ಅದು ಬರೀ ಅದೃಷ್ಟ. ಸಾವಿರಾರು ಜನ ಬರುವ ಆಟಕ್ಕೆ ಆ ಸೌಲಭ್ಯ ಸರಿ, ನಮ್ಮಂಥವರಿಗೆ ಅಲ್ಲ.

ಕೊನೆಗೆ ಕೈಯಿಂದಲೇ ಪರೀಕ್ಷೆ ಮಾಡಿದೆವು. ಮನೆಯವರಿಗೆ, ಪಕ್ಕದ ಮನೆಯವರಿಗೆ, ತಮ್ಮನ ಗೆಳೆಯರಿಗೆ ಒಬ್ಬೊಬ್ಬರಿಗೆ ಒಂದೊಂದೇ ವಿವರಣೆ ತೋರಿಸಿ, ಹತ್ತು ಎಣಿಸುವಷ್ಟರಲ್ಲಿ ಫೋನ್ ವಾಪಸ್ ತೆಗೆದುಕೊಂಡೆವು. 'ಹೇಗಿದೆ' ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ 'ಚೆನ್ನಾಗಿದೆ' ಅಂತಲೇ ಹೇಳುತ್ತಾರೆ. ಕೇಳಿದ್ದು ಒಂದೇ: ಈ ಆಟದಲ್ಲಿ ಏನು ಮಾಡಬೇಕು?

ಒಂದನೆಯದನ್ನು ಓದಿದ ಅತ್ತೆ, ಅಂದರೆ ಅಪ್ಪನ ತಂಗಿ, 'ಏನೋ ಇದು, ಪರೀಕ್ಷೆಗೆ ಓದಿಸೋದಾ?' ಅಂದರು. ಪಕ್ಕದ ಮನೆಯವರು ನಿಘಂಟು ಇರಬೇಕು ಅಂದರು. ತಪ್ಪು ಅವರದಲ್ಲ. ಆ ಸಾಲಿನಲ್ಲಿ ಬೆರಳಿಗೆ ಕೆಲಸ ಹೇಳುವ ಒಂದು ಪದವೂ ಇಲ್ಲ. 'ವೃದ್ಧಿಸಿಕೊಳ್ಳಿ' ಅಂದರೆ ಏನನ್ನು ಒತ್ತಬೇಕು?

ಎರಡನೆಯದನ್ನು ತಮ್ಮನ ಗೆಳೆಯರು ಸಲೀಸಾಗಿ ಓದಿದರು. ವಾಟ್ಸಾಪಿನಲ್ಲಿ ದಿನವೂ ಬರೆಯುವುದು ಹಾಗೇ ಅಲ್ವಾ. ಅದೇ ಸಾಲನ್ನು ಚಿಕ್ಕಪ್ಪನಿಗೆ ತೋರಿಸಿದಾಗ ಕನ್ನಡಕ ಸರಿ ಮಾಡಿಕೊಂಡು ಜೋರಾಗಿ ಓದಿದರು: 'ಅಕ್ಷರ ಜೋಡಿಸಿ, ಪಾದ ಮಡಿ.' ಯೋಗಾಸನದ ಆಪ್ ಅಂದುಕೊಂಡರೋ ಏನೋ, ಪಾಪ. ಇಂಗ್ಲಿಷ್ ಅಕ್ಷರದಲ್ಲಿ ಪದಕ್ಕೂ ಪಾದಕ್ಕೂ, ಮಾಡಿಗೂ ಮಡಿಗೂ ವ್ಯತ್ಯಾಸ ಕಾಣುವುದಿಲ್ಲ. ಅಕ್ಷರಗಳ ಆಟಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ತಮ್ಮ ಅಲ್ಲೇ ಕೈಬಿಟ್ಟ.

ಮೂರನೆಯದಕ್ಕೆ ಬಂದ ಉತ್ತರಗಳು ಹೆಚ್ಚುಕಡಿಮೆ ಒಂದೇ: 'ಅಕ್ಷರ ಕೊಡ್ತಾರೆ, ನಾವು ಪದ ಮಾಡ್ಬೇಕು.' ಆದರೆ ಇಬ್ಬರು ತಕ್ಷಣ ಮರುಪ್ರಶ್ನೆ ಹಾಕಿದರು. ಒತ್ತಕ್ಷರ ಬೇರೆ ಬರುತ್ತದಾ, ಗುಣಿತ ನಾವೇ ಸೇರಿಸಬೇಕಾ? ಕನ್ನಡದಲ್ಲಿ 'ಅಕ್ಷರ ಜೋಡಿಸಿ' ಅಂದರೆ ಈ ಅನುಮಾನ ಬರುವುದು ಸಹಜ. ಅದಕ್ಕೆ 80ರಲ್ಲಿ ಉತ್ತರ ಹಿಡಿಸಲಿಲ್ಲ. ಪೂರ್ತಿ ವಿವರಣೆಯ ಮೊದಲ ಸಾಲಿಗೆ ಒಂದು ಉದಾಹರಣೆ ಹಾಕಿದೆವು:

'ಅ, ಹ, ಚು, ಕ್ಕಿ. ಈ ನಾಲ್ಕು ಬಿಲ್ಲೆಯಿಂದ ಎಷ್ಟು ಪದ? ಅಕ್ಕಿ, ಹಕ್ಕಿ, ಚುಕ್ಕಿ. ಒತ್ತು, ಗುಣಿತ ಎಲ್ಲ ಬಿಲ್ಲೆಯ ಮೇಲೇ ಇರುತ್ತದೆ.'

ಇಷ್ಟು ಬರೆದ ಮೇಲೆ ನಿಯಮ ವಿವರಿಸುವ ಒಂದು ಪ್ಯಾರಾ ಪೂರ್ತಿ ಅಳಿಸಿದೆ. ಇದೇ ನಾಲ್ಕು ಬಿಲ್ಲೆಯನ್ನು ಮೊದಲ ಸ್ಕ್ರೀನ್‌ಶಾಟ್ ಮಾಡಿ ಇಂಗ್ಲಿಷ್ ಪುಟಕ್ಕೂ ಹಾಕಿದೆವು. ಅಲ್ಲಿ ಕಿರು ವಿವರಣೆ ಸರಳ ಇಂಗ್ಲಿಷಿನಲ್ಲಿದೆ, ಬಿಲ್ಲೆಗಳು ಕನ್ನಡದಲ್ಲಿವೆ. ಫೋನ್ ಇಂಗ್ಲಿಷಿನಲ್ಲಿದ್ದರೂ ಕಣ್ಣು ಕನ್ನಡ ಓದುತ್ತದಲ್ಲ. ತಮ್ಮನ ವಾದ ಒಂದು ಲೆಕ್ಕದಲ್ಲಿ ಗೆದ್ದಿತು ಅನ್ನಿ.

ಇನ್ನೊಂದು ಜಾಗದಲ್ಲಿ ನಾನು ಜಾರಿ ಬಿದ್ದೆ. ಜನ ಹುಡುಕುವಾಗ 'ಪದಬಂಧ' ಅಂತ ಟೈಪ್ ಮಾಡುತ್ತಾರೆ ಅಂತ ಮಧ್ಯೆ ಒಂದಷ್ಟು ದಿನ ಹೆಸರಿನಲ್ಲೇ ಆ ಪದ ಸೇರಿಸಿದ್ದೆ. ಜನ ಬಂದರು, ಬಂದವರು ಬೈದರು. 'ಸುಳಿವು ಎಲ್ಲಿದೆ? ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಲ್ಲಿದೆ?' ಅಂತ ಕೇಳಿ ಒಂದು ಸ್ಟಾರ್ ಕೊಟ್ಟು ಹೋದರು. ಅವರು ಹೇಳಿದ್ದು ಸರಿ. ಪತ್ರಿಕೆಯಲ್ಲಿ ಪದಬಂಧ ಅಂದರೆ ಚೌಕಗಳು, ಸುಳಿವುಗಳು. ಅತ್ತೆ ಪ್ರತಿದಿನ ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂರುವುದು ಅದಕ್ಕೇ. ನಮ್ಮದು ಅದಲ್ಲ. ಆ ಪದ ತೆಗೆದು 'ಅಕ್ಷರ ಆಟ' ಅಂತ ಹಾಕಿದೆ. ಬರುವವರು ಕಡಿಮೆಯಾದರು, ಬೈಗುಳ ನಿಂತಿತು.

ಪೂರ್ತಿ ವಿವರಣೆಗೆ ಆಮೇಲೆ ಸೇರಿದ್ದು ಒಂದೇ ಸಾಲು: 'ಮರ ಸರಿ, ಮರದ, ಮರಕ್ಕೆ ಲೆಕ್ಕಕ್ಕಿಲ್ಲ.' ಕನ್ನಡದಲ್ಲಿ ಒಂದು ಪದಕ್ಕೆ ವಿಭಕ್ತಿ ಹಚ್ಚಿದರೆ ಎಷ್ಟು ರೂಪ ಬೇಕಾದರೂ ಹೊರಡುತ್ತವೆ. ಅವನ್ನೆಲ್ಲ ಒಪ್ಪಿದರೆ ಆಟಕ್ಕೆ ಕೊನೆಯೇ ಇರುವುದಿಲ್ಲ. ಮೊದಲು ಈ ಮಾತು ಎಲ್ಲೂ ಹೇಳಿರಲಿಲ್ಲ, ಹಾಗಾಗಿ ಆಟದಲ್ಲಿ ತಪ್ಪಿದೆ ಅಂತ ಮೇಲ್ ಬರುತ್ತಿದ್ದವು. ಈಗ ಅಪರೂಪ.

ಸದ್ಯ ಮೂರನೆಯದೇ ನಡೆಯುತ್ತಿದೆ. ಅದರಲ್ಲಿ ಇನ್ನೂ 36 ಅಕ್ಷರದ ಜಾಗ ಖಾಲಿ ಇದೆ. ಅಲ್ಲಿ 'ಸೂಪರ್ ಮಜಾ!' ಅಂತ ಹಾಕೋಣ ಅಂತ ತಮ್ಮ ವಾರಕ್ಕೊಂದು ಸಲ ಕೇಳುತ್ತಾನೆ. ನಾನು ಪಾಸ್‌ವರ್ಡ್ ಕೊಟ್ಟಿಲ್ಲ.