ವೇಟಿಂಗ್ ಲಿಸ್ಟ್‌ನಲ್ಲಿದ್ದ ಎಲ್ಲರಿಗೂ ಒಂದೇ ಲಿಂಕ್ ಬಂದರೆ ಹುಷಾರಾಗಿರಿ

ಇಪ್ಪತ್ತು ಸೀಟಿನ ವರ್ಕ್‌ಶಾಪ್ ಅದು. ನಾನು ನೋಡುವಷ್ಟರಲ್ಲಿ ಭರ್ತಿಯಾಗಿತ್ತು. ವೇಟಿಂಗ್ ಲಿಸ್ಟ್‌ಗೆ ಹೆಸರು ಕೊಟ್ಟೆ. ಎರಡನೆಯ ಸ್ಥಾನದಲ್ಲಿದ್ದೀರಿ ಎಂದು ಉತ್ತರ ಬಂತು.

ಹಿಂದಿನ ದಿನ ಸಂಜೆ ಇಬ್ಬರು ಕ್ಯಾನ್ಸಲ್ ಮಾಡಿದರು. ಆಯೋಜಕರು ಲಿಸ್ಟ್‌ನಲ್ಲಿದ್ದ ಎಲ್ಲರಿಗೂ ಹಣ ಕಟ್ಟುವ ಲಿಂಕ್ ಇಟ್ಟು ಒಂದೇ ಮೆಸೇಜ್ ಕಳಿಸಿದರು. ಎರಡು ಸೀಟು ಖಾಲಿ ಇದೆ, ಮೊದಲು ಹಣ ಕಟ್ಟಿದವರಿಗೆ ಸಿಗುತ್ತದೆ ಅಂತ. ಮೆಸೇಜ್ ಕಣ್ಣಿಗೆ ಬಿದ್ದ ತಕ್ಷಣ ಕಟ್ಟಿದೆ, ರಸೀದಿಯೂ ಬಂತು. ಬೆಳಿಗ್ಗೆ ಹೋದರೆ ಬಾಗಿಲಲ್ಲಿ ಐದು ಜನ, ಎಲ್ಲರ ಬಳಿಯೂ ರಸೀದಿ! ಎರಡು ಸೀಟಿಗೆ ಹಣ ಬಂದ ಮೇಲೂ ಆ ಲಿಂಕ್ ತೆರೆದೇ ಇತ್ತು. ನನ್ನನ್ನೂ ಸೇರಿಸಿ ಮೂವರು ವಾಪಸ್ ಹೋಗಬೇಕಾಯಿತು. ರೀಫಂಡ್‌ನಲ್ಲಿ ಪಾವತಿ ಶುಲ್ಕವನ್ನೂ ಮುರಿದುಕೊಂಡರು. ಇದು ಅನ್ಯಾಯ ಅಲ್ವಾ?

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಖಾಲಿಯಾದ ಸೀಟನ್ನು ಸರದಿಯಲ್ಲಿ ಮೊದಲಿರುವ ಒಬ್ಬರಿಗೆ ಮಾತ್ರ ಕೊಡಬೇಕು. ಅವರು ಉತ್ತರಿಸುವವರೆಗೆ ಆ ಸೀಟು ಬೇರೆ ಯಾರಿಗೂ ತೆರೆಯಬಾರದು. ಗಡುವು ಮುಗಿದರೆ ಲಿಂಕ್ ತಾನಾಗಿ ಮುಚ್ಚಿ, ಮುಂದಿನವರಿಗೆ ಹೋಗಬೇಕು. ಆ ಗಡುವು ದಿನ ಹತ್ತಿರವಾದಂತೆ ಚಿಕ್ಕದಾಗಬೇಕು. ವಾರ ಬಾಕಿ ಇದ್ದರೆ 24 ಗಂಟೆ ಕೊಡಬಹುದು, ಎರಡು ದಿನ ಇದ್ದರೆ ಮೂರು ಗಂಟೆ. ಹಿಂದಿನ ಸಂಜೆಯಾದರೆ ಫೋನ್ ಮಾಡಿ ಅರ್ಧ ಗಂಟೆ ಸಾಕು. ಹೆಸರು ಬರೆದುಕೊಳ್ಳುವಾಗಲೇ "ಎಷ್ಟು ಹೊತ್ತಿನ ಮುಂಚೆ ಹೇಳಿದರೆ ಬರಬಲ್ಲಿರಿ?" ಎಂದು ಕೇಳಿದ್ದರೆ, ಬರಲಾಗದವರಿಗೆ ಕಾದು ಕೂತು ಆ ಅರ್ಧ ಗಂಟೆ ಹಾಳಾಗುವುದಿಲ್ಲ. ತೀರಾ ಕೊನೆ ಗಳಿಗೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸಲೇಬೇಕಾದರೆ, ಸೀಟು ಎಷ್ಟೋ ಅಷ್ಟಕ್ಕೇ ಪಾವತಿ ನಿಲ್ಲುವಂತೆ ಮಿತಿ ಹಾಕಿರಬೇಕು.

ಕ್ಯಾನ್ಸಲ್‌ಗಳು ಅಷ್ಟು ತಡವಾಗಿ ಬಂದದ್ದಕ್ಕೂ ಅಲ್ಲಿನ ನಿಯಮವೇ ಕಾರಣ ಅನ್ನಿಸುತ್ತದೆ. ಕೊನೆಯ ವಾರದಲ್ಲಿ ಕ್ಯಾನ್ಸಲ್ ಮಾಡಿದರೆ ಏನೂ ವಾಪಸ್ ಇಲ್ಲ ಎಂದು ಬರೆದಿದ್ದರು. ಹಾಗಿದ್ದರೆ ಬರಲಾಗದವರು ಬೇಗ ಯಾಕೆ ಹೇಳುತ್ತಾರೆ? ಹೇಗಿದ್ದರೂ ಹಣ ಹೋಯಿತು, ಕೊನೆವರೆಗೂ ನೋಡೋಣ ಅಂತ ಸುಮ್ನೆ ಇರುತ್ತಾರೆ. ಅದರ ಬದಲು, ನಿಮ್ಮ ಸೀಟಿಗೆ ಬೇರೆಯವರು ಬಂದರೆ ಹಣ ವಾಪಸ್ ಅಂತ ಇಟ್ಟರೆ, ಗೊತ್ತಾದ ದಿನವೇ ಹೇಳುತ್ತಾರೆ. ಬೇಗ ಹೇಳಿದಷ್ಟೂ ಸೀಟು ತುಂಬುವ ಸಾಧ್ಯತೆ ಜಾಸ್ತಿ. ಇದರಿಂದ ಆಯೋಜಕರಿಗೆ ಹೆಚ್ಚು ನಷ್ಟವಿಲ್ಲ, ಆ ಸೀಟಿನ ಹಣ ಹೊಸಬರಿಂದ ಬಂದಿರುತ್ತದೆ.

ಹೆಸರು ಕೊಡುವ ಮುಂಚೆ ಮೂರು ಮಾತು ಕೇಳಿ. ಸೀಟು ಸರದಿಯಲ್ಲಿ ಕೊಡುತ್ತಾರಾ, ಓಟದಲ್ಲಾ? ಉತ್ತರಿಸಲು ಎಷ್ಟು ಹೊತ್ತು? ಲಿಸ್ಟ್ ಯಾವಾಗ ಮುಚ್ಚುತ್ತದೆ? ಲಿಸ್ಟ್‌ನಲ್ಲಿರುವುದಕ್ಕೇ ಪೂರ್ತಿ ಹಣ ಕೇಳಿದರೆ ಕೊಡಬೇಡಿ. ಕೊನೆ ಸಂಜೆ ಕಟ್ಟಿದ್ದರೆ, ಹೊರಡುವ ಮುಂಚೆ "ಸೀಟು ನನ್ನ ಹೆಸರಿಗಿದೆ" ಎಂದು ಅವರಿಂದಲೇ ಬರೆಸಿಕೊಳ್ಳಿ. ರಸೀದಿ ತೋರಿಸುವುದು ಹಣ ಹೋಗಿದೆ ಎಂಬುದನ್ನು ಮಾತ್ರ.