ಮಿರಮಿರ ಮಿಂಚುವ ಅರಿಶಿನದ ಕೊಂಬಿನ ಬಗ್ಗೆ ಎಚ್ಚರ

ಅಂಗಡಿಯ ಪುಡಿಯಲ್ಲಿ ಕಲಬೆರಕೆ ಇರುತ್ತದೆ, ಕೊಂಬು ತಂದು ಪುಡಿ ಮಾಡಿಸಿಕೊಂಡರೆ ಚಿಂತೆಯಿಲ್ಲ ಅಂತ ನಂಬಿರುವವರಿಗೆ ಈ ಬರಹ. ನಮಗೆ ತೊಂದರೆ ಬಂದದ್ದು ಕೊಂಬಿನಿಂದಲೇ.

ನಾವಿರುವುದು ನ್ಯೂಯಾರ್ಕಿನಲ್ಲಿ. ಇಲ್ಲಿ ಮಕ್ಕಳಿಗೆ ಒಂದು ಮತ್ತು ಎರಡು ವರ್ಷ ತುಂಬಿದಾಗ ರಕ್ತದಲ್ಲಿ ಸೀಸ ಇದೆಯಾ ಅಂತ ಕಡ್ಡಾಯವಾಗಿ ನೋಡುತ್ತಾರೆ. ಎರಡರ ಮಗಳಿಗೆ ಡೆಸಿಲೀಟರ್‌ಗೆ 11 ಮೈಕ್ರೋಗ್ರಾಂ ಬಂತು. 3.5 ದಾಟಿದರೇ ಜಾಸ್ತಿ ಅಂತ ಲೆಕ್ಕ. ಮಗು ಮಾತ್ರ ಆಡಿಕೊಂಡೇ ಇತ್ತು, ಜ್ವರವಿಲ್ಲ, ಹೊಟ್ಟೆನೋವಿಲ್ಲ. ಟೆಸ್ಟ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆರೋಗ್ಯ ಇಲಾಖೆಯವರು ಮನೆಗೆ ಬಂದು ಗೋಡೆಯ ಬಣ್ಣದಲ್ಲಿ ಸೀಸ ಇದೆಯಾ ಅಂತ ನೋಡಿದರು. ಏನೂ ಸಿಗಲಿಲ್ಲ. ಆಮೇಲೆ ಮಸಾಲೆ ಡಬ್ಬಿ ಕೇಳಿದರು. ಲ್ಯಾಬಿಗೆ ಹೋದ ಅರಿಶಿನದಲ್ಲಿ ಗ್ರಾಂಗೆ 740 ಮೈಕ್ರೋಗ್ರಾಂ ಸೀಸ! ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 10. ಭಾವ ಪಾಟ್ನಾದಲ್ಲಿ ಕೆಲಸದಲ್ಲಿದ್ದಾಗ ಸಂತೆಯಲ್ಲಿ ಕೊಂಡ ಬಿಡಿ ಕೊಂಬು ಅದು. ಅತ್ತೆ ಬೆಂಗಳೂರಿನ ಮಿಲ್ಲಿನಲ್ಲಿ ಬೀಸಿಸಿ, ಪ್ರೀತಿಯಿಂದ ಕಳಿಸಿದ್ದರು. ದಿನಾ ತಿಳಿಸಾರಿಗೆ, ಕೆಮ್ಮು ಬಂದರೆ ಹಾಲಿಗೆ. ಮಗುವಿನ ಹೊಟ್ಟೆಗೆ ದಿನಕ್ಕೆ ಗ್ರಾಮಿನ ಹತ್ತನೇ ಒಂದು ಭಾಗ ಹೋದರೂ 74 ಮೈಕ್ರೋಗ್ರಾಂ ಆಯಿತು. ಆಹಾರದಿಂದ ಮಕ್ಕಳಿಗೆ ದಿನಕ್ಕೆ 2.2 ದಾಟಬಾರದು ಅನ್ನುತ್ತದೆ ಅಮೆರಿಕದ ಎಫ್‌ಡಿಎ.

ಬೆರೆಸಿದ್ದು ಲೆಡ್ ಕ್ರೋಮೇಟ್, ಪೇಂಟಿಗೆ ಹಾಕುವ ಹಳದಿ ಬಣ್ಣ. ಮಂಕಾದ, ಹುಳು ಹಿಡಿದ ಕೊಂಬನ್ನು ಪಾಲಿಶ್ ಮಾಡುವಾಗ ಇದನ್ನು ಹಾಕಿದರೆ ಹೊಸದರಂತೆ ಹೊಳೆಯುತ್ತದೆ, ಬೆಲೆಯೂ ಸಿಗುತ್ತದೆ. ಬಾಂಗ್ಲಾದೇಶದಲ್ಲೂ ಇದೇ ಚಾಳಿ ಇತ್ತು. ಅಲ್ಲಿ 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ 47% ಕಲಬೆರಕೆ. ಸರ್ಕಾರ ದಾಳಿ ಮಾಡಿ ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆಗೆ ಇಳಿಯಿತು. ಅಂದರೆ ಮನಸ್ಸು ಮಾಡಿದರೆ ನಿಲ್ಲಿಸಬಹುದು, ಅಲ್ವಾ?

ದೇಹ ಸೀಸವನ್ನು ಕ್ಯಾಲ್ಸಿಯಂ ಅಂತ ತಪ್ಪು ತಿಳಿಯುತ್ತದೆ. ಬೆಳೆಯುತ್ತಿರುವ ಮಿದುಳಿನ ನರಗಳ ನಡುವಿನ ಸಂಪರ್ಕ ಅಲ್ಲೇ ಕೆಡುತ್ತದೆ. ಬುದ್ಧಿಶಕ್ತಿ, ಗಮನ, ಕಲಿಕೆ ಕುಗ್ಗುತ್ತವೆ. ದೊಡ್ಡವರಿಗಿಂತ ಮಕ್ಕಳ ಕರುಳು ಇದನ್ನು ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತದೆ, ಕಬ್ಬಿಣದ ಕೊರತೆ ಇದ್ದರೆ ಇನ್ನೂ ಹೆಚ್ಚು. ಸೀಸ ತೆಗೆಯುವ ಔಷಧಿಯನ್ನು ಸಾಮಾನ್ಯವಾಗಿ ರಕ್ತದ ಸೀಸ ಡೆಸಿಲೀಟರ್‌ಗೆ 45 ಮೈಕ್ರೋಗ್ರಾಂ ಮುಟ್ಟಿದ ಮೇಲೆ ಮಾತ್ರ ಕೊಡುತ್ತಾರೆ. ನಮಗೆ ಡಾಕ್ಟರ್ ಹೇಳಿದ್ದು ಇಷ್ಟೇ: ಆ ಅರಿಶಿನ ನಿಲ್ಲಿಸಿ, ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಕೊಡಿ, ಮತ್ತೆ ಮತ್ತೆ ಟೆಸ್ಟ್ ಮಾಡಿಸಿ. ಈಗ 6ಕ್ಕೆ ಇಳಿದಿದೆ. ಆಗಿಹೋದ ಹಾನಿ ಎಷ್ಟು ಅಂತ ಯಾರೂ ಹೇಳಲಾರರು.

ಕೊಂಬನ್ನು ನೀರಿಗೆ ಹಾಕಿದ ಕೂಡಲೇ ಗಾಢ ಹಳದಿ ಬಿಟ್ಟರೆ ಅದನ್ನು ಬಳಸಬೇಡಿ. ಆದರೆ ನೀರು ತಿಳಿಯಾಗಿದ್ದ ಮಾತ್ರಕ್ಕೆ ಸೀಸ ಇಲ್ಲ ಅಂತಲ್ಲ, ಅದನ್ನು ಲ್ಯಾಬ್ ಮಾತ್ರ ಹೇಳಬಲ್ಲದು. ಕೊಂಬೇ ಬೇಕಿದ್ದರೆ ಪಾಲಿಶ್ ಆಗದ, ಮಣ್ಣು ಬಣ್ಣದ, ಒರಟು ಸಿಪ್ಪೆಯದನ್ನು ಕೊಳ್ಳಿ. ಸಂಶಯದ ಪುಡಿ ತಿಂದ ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬಸುರಿ ಇದ್ದರೆ ಅವರಿಗೂ ಮಾಡಿಸಿ, ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ.