ಅಜ್ಜಿಯ ಕೂದಲನ್ನು ಕತ್ತರಿಸಿಹಾಕಿದ ಸ್ಟುಡಿಯೋ: ಹಿನ್ನೆಲೆ ತೆಗೆಸಲು ಫೋಟೋ ಕೊಡುವವರು ಓದಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ಯಾರಾದರೂ ಮನೆಯ ಹಿರಿಯರ ಫೋಟೋವನ್ನು ಹಿನ್ನೆಲೆ ತೆಗೆಸಿ ದೊಡ್ಡದು ಮಾಡಿಸಲು ಕೊಡುವುದಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು. ಹಾಸನದ ಆ ಸ್ಟುಡಿಯೋದ ಹೆಸರನ್ನು ಬರೆಯುವುದಿಲ್ಲ. ಇಂಥ ಕೆಲಸ ಮಾಡುವವರು ಒಬ್ಬರೇ ಅಲ್ಲ, ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ.

ಅಜ್ಜಿಯ ವರ್ಷದ ತಿಥಿಗೆ ಹಾಲ್‌ನಲ್ಲಿ ಒಂದು ದೊಡ್ಡ ಫೋಟೋ ಹಾಕಬೇಕೆಂದು ಮನೆಯವರೆಲ್ಲ ನಿರ್ಧರಿಸಿದ್ದೆವು. ಅವರದು ಒಂದೇ ಒಂದು ಒಳ್ಳೆಯ ಚಿತ್ರವಿತ್ತು. ತೋಟದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ, ತೊಡೆಯ ಮೇಲೆ ಕೆಂಚ ಎಂಬ ಕೆಂಬಣ್ಣದ ಬೆಕ್ಕು. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದು ನೆತ್ತಿಯ ಮೇಲಿನ ಬಿಳಿ ಕೂದಲಿನ ಎಳೆಗಳು ಹೊಳೆಯುತ್ತಿವೆ. ಅಜ್ಜಿಯ ಕೂದಲು ಎಂದೂ ತುರುಬಿನಲ್ಲಿ ಪೂರ್ತಿ ನಿಂತದ್ದಿಲ್ಲ. ಹಣೆಯ ಮೇಲೆ, ಕಿವಿಯ ಹಿಂದೆ ಸದಾ ಹಾರಾಡುತ್ತಿರುತ್ತಿತ್ತು. ನಮಗೆ ಬೇಕಾಗಿದ್ದದ್ದು ಅದೇ ಅಜ್ಜಿ. ಆದರೆ ಹಿನ್ನೆಲೆಯಲ್ಲಿ ಕಾಫಿ ಗಿಡ, ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಪಕ್ಕದಲ್ಲಿ ಒಂದು ನೀಲಿ ಡ್ರಮ್ಮು. ಅದನ್ನೆಲ್ಲ ತೆಗೆದು ಗಾಢ ಮರೂನ್ ಬಣ್ಣದ ಹಿನ್ನೆಲೆ ಹಾಕಿ, 20×30 ಇಂಚಿಗೆ ಮುದ್ರಿಸಿ, ಚೌಕಟ್ಟು ಹಾಕಿಕೊಡಲು ಹೇಳಿದೆ. 3,500 ರೂಪಾಯಿಗೆ ಮಾತಾಯಿತು, 2,000 ಮುಂಗಡ ಕೊಟ್ಟೆ. ಕ್ಯಾಮೆರಾದ ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೈಗೇ ಕೊಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ.

"ಕೂದಲಿನದೇ ಚಿಂತೆ" ಎಂದಾಗ ಅವರು ನಕ್ಕು ಒಂದು ಮಾದರಿ ತೋರಿಸಿದರು. ಉದ್ದ ಕಪ್ಪು ಕೂದಲಿನ ಹುಡುಗಿಯ ಚಿತ್ರ, ಹಿನ್ನೆಲೆ ಬದಲಾಗಿದೆ, ಒಂದೊಂದು ಎಳೆಯೂ ಸ್ಪಷ್ಟ. "ಎಳೆ ಎಳೆಯೂ ಉಳಿಯುತ್ತದೆ ಮೇಡಂ, ನಮ್ಮ ಕೆಲಸವೇ ಅದು" ಎಂದರು. ಆ ಮಾದರಿಯ ಮೂಲ ಚಿತ್ರ ಸ್ಟುಡಿಯೋದೊಳಗಿನ ಬಿಳಿ ಪರದೆಯ ಮುಂದೆ ತೆಗೆದದ್ದು. ಬಿಳಿ ಪರದೆ, ಕಪ್ಪು ಕೂದಲು: ಬೇರ್ಪಡಿಸಲು ಇದಕ್ಕಿಂತ ಸುಲಭದ್ದು ಇಲ್ಲ. ನಮ್ಮದು ಎಲೆಗಳ ನಡುವೆ ಬಿಳಿ ಕೂದಲು. ಈ ಎರಡೂ ಒಂದೇ ಕೆಲಸವಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ತೋರಿಸಿದರು.

ಆಮೇಲೆ ಒಪ್ಪಿಗೆಗೆಂದು ವಾಟ್ಸಾಪ್‌ನಲ್ಲಿ ಚಿತ್ರ ಬಂತು. ಬಿಳಿ ಹಿನ್ನೆಲೆಯ ಮೇಲೆ ಅಜ್ಜಿ. ಚೆನ್ನಾಗಿಯೇ ಕಂಡಿತು! ಮರೂನ್ ಬಣ್ಣ ಎಲ್ಲಿ ಎಂದು ಕೇಳಿದೆ. "ಅದು ಮುದ್ರಿಸುವಾಗ ಹಾಕುತ್ತೇವೆ, ಕಟಿಂಗ್ ಮಾತ್ರ ನೋಡಿ ಹೇಳಿ" ಎಂದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಕೂದಲಿನ ಕಟಿಂಗ್ ಯಾರಿಗೆ ತಾನೇ ಕಾಣುತ್ತದೆ? ಉಳಿದ ಕೂದಲು, ಹೋದ ಕೂದಲು ಎರಡೂ ಬಿಳುಪಿನಲ್ಲೇ ಕರಗಿರುತ್ತವೆ. ತಪ್ಪನ್ನು ಮುಚ್ಚಿಡಲು ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ.

ಚೌಕಟ್ಟು ಬಂದದ್ದು ತಿಥಿಯ ಹಿಂದಿನ ರಾತ್ರಿ. ಕಾಗದ ಬಿಚ್ಚಿದಾಗ ನನ್ನ ಕೈ ನಡುಗಿತು. ತಲೆಗೆ ಬಟ್ಟೆ ಬಿಗಿದು ಕಟ್ಟಿದಂತೆ ನುಣ್ಣಗಿನ ಗೆರೆ, ಹಾರಾಡುವ ಎಳೆ ಒಂದೂ ಇಲ್ಲ. ಗೆರೆಯ ಸುತ್ತ ಹಸಿರು ಮಿಶ್ರಿತ ಮಸುಕಾದ ಅಂಚು. ಮರೂನ್ ಬಣ್ಣದ ಮೇಲೆ ಆ ಹಸಿರು ಅಸಹ್ಯವಾಗಿ ಎದ್ದು ಕಾಣುತ್ತಿತ್ತು. ಕಿವಿಯ ಬಳಿ ಕಾಫಿ ಎಲೆಯ ತುಂಡೊಂದು ಹಾಗೇ ಉಳಿದಿತ್ತು. ಕೆಂಚನ ಬೆನ್ನಿನ ರೋಮವೆಲ್ಲ ಬೋಳಿಸಿದಂತಾಗಿ, ಮೀಸೆ ಪೂರ್ತಿ ಮಾಯ. ಬೇರೆ ಫೋಟೋ ಮಾಡಿಸಲು ಸಮಯವಿಲ್ಲದೆ ಅದನ್ನೇ ಇಟ್ಟು ಹೂವಿನ ಹಾರ ಹಾಕಿದೆವು. ಮರುದಿನ ಬಂದ ದೊಡ್ಡಮ್ಮ ಬಹಳ ಹೊತ್ತು ಅದನ್ನೇ ನೋಡಿ, "ಕೊನೆಗಾಲದಲ್ಲಿ ಕೂದಲೆಲ್ಲ ಉದುರಿತ್ತೇನೇ? ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದು ಅತ್ತರು. ಊಟಕ್ಕೆ ಬಂದವರೆಲ್ಲರ ಎದುರು ನಾನು ಏನು ಹೇಳಲಿ? ಉದುರಿರಲಿಲ್ಲ ದೊಡ್ಡಮ್ಮ, ಕತ್ತರಿಸಿದರು ಎನ್ನಲೇ?

ಸ್ಟುಡಿಯೋಗೆ ಹೋದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

"ಗೋಡೆಯ ಮೇಲಿನ ಫೋಟೋವನ್ನು ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ ಮೇಡಂ?"

"ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ, ಮೆಸೇಜ್ ಇದೆ."

"ವಯಸ್ಸಾದವರ ಕೂದಲು ತೆಳ್ಳಗಿರುತ್ತದೆ, ಅದಕ್ಕೆ ನಾವೇನು ಮಾಡಲು ಸಾಧ್ಯ? ಬೇಕಾದರೆ ಬ್ರಷ್‌ನಲ್ಲಿ ಕೂದಲು ಬರೆದುಕೊಡುತ್ತೇವೆ. ಕಪ್ಪು ಕೂದಲೇ ಹಾಕಬಹುದು, ವಯಸ್ಸು ಕಡಿಮೆ ಕಾಣುತ್ತದೆ."

ಕೊನೆಯ ಮಾತು ಕೇಳಿ ನನಗೆ ಅಳು ಬಂದುಬಿಟ್ಟಿತು. ಅಲ್ಲಿಗೂ ನಿಲ್ಲಿಸದೆ, "ನಿಮ್ಮ ಚಿತ್ರದ ಕ್ವಾಲಿಟಿಯೇ ಸರಿಯಿಲ್ಲ. ನಮ್ಮ ಫೈಲನ್ನೇ ಕೊಡುತ್ತೇನೆ, ಯಾರಿಗೆ ಬೇಕಾದರೂ ತೋರಿಸಿ" ಎಂದು ಕೆಲಸದ ಫೈಲನ್ನು ನನ್ನ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ತೋರಿಸಿದೆ.

ನನ್ನ ಸೋದರಮಾವನ ಮಗಳು ಬೆಂಗಳೂರಿನಲ್ಲಿ ಪುಸ್ತಕಗಳ ವಿನ್ಯಾಸ ಮಾಡುತ್ತಾಳೆ. ಅವಳು ಫೈಲನ್ನು ಫೋಟೋಶಾಪ್‌ನಲ್ಲಿ ತೆರೆದು ಮೊದಲು ಅಳತೆ ನೋಡಿದಳು. ಉದ್ದದ ಬದಿ 1600 ಪಿಕ್ಸೆಲ್. ನನ್ನ ಮೂಲ ಚಿತ್ರ 6000 ಪಿಕ್ಸೆಲ್. ಪೆನ್‌ಡ್ರೈವ್ ಕೊಟ್ಟಿದ್ದರೂ, ಮೊದಲ ದಿನ ತೋರಿಸಲೆಂದು ವಾಟ್ಸಾಪ್‌ನಲ್ಲಿ ಕಳುಹಿಸಿದ್ದ ಸಣ್ಣ ಪ್ರತಿಯನ್ನೇ ತೆಗೆದುಕೊಂಡಿದ್ದಾರೆ! 30 ಇಂಚಿಗೆ ಹರಡಿದರೆ ಮೂಲದಲ್ಲಿ ಇಂಚಿಗೆ 200 ಪಿಕ್ಸೆಲ್ ಸಿಗುತ್ತಿತ್ತು, ಇದರಲ್ಲಿ 53. ಅಷ್ಟು ಕುಗ್ಗಿದ ಪ್ರತಿಯಲ್ಲಿ ತೆಳ್ಳಗಿನ ಕೂದಲು ಅಕ್ಕಪಕ್ಕದ ಎಲೆಯೊಂದಿಗೆ ಬೆರೆತು ಮಾಸಲು ಕಲೆಯಾಗಿಬಿಡುತ್ತದೆ. ಜೊತೆಗೆ ಫೈಲನ್ನು ಚಿಕ್ಕದಾಗಿಸುವ ಜೆಪೆಗ್ ಸಂಕೋಚನದಿಂದ ಎಲೆಯ ಹಸಿರು ಕೂದಲಿನೊಳಕ್ಕೆ ಹರಡುತ್ತದೆ. ಇಷ್ಟೆಲ್ಲ ಮಾಡಿ ಕ್ವಾಲಿಟಿ ನನ್ನದು ಸರಿಯಿಲ್ಲವಂತೆ.

ಆಮೇಲೆ ಅವಳು Alt ಒತ್ತಿ ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದಳು. ಆಗ ಮಾಸ್ಕ್ ಮಾತ್ರ ಕಪ್ಪು ಬಿಳುಪಿನಲ್ಲಿ ಕಾಣುತ್ತದೆ: ಬಿಳಿ ಇದ್ದಲ್ಲಿ ಚಿತ್ರ ಉಳಿಯುತ್ತದೆ, ಕಪ್ಪು ಇದ್ದಲ್ಲಿ ಹೋಗುತ್ತದೆ, ಬೂದು ಇದ್ದಲ್ಲಿ ಅರೆಪಾರದರ್ಶಕ. ಕೂದಲು ಬದುಕುವುದು ಆ ಬೂದಿನಲ್ಲಿ. ಏಕೆಂದರೆ ಒಂದು ಎಳೆ ಬಹಳ ಕಡೆ ಒಂದು ಪಿಕ್ಸೆಲ್‌ಗಿಂತ ತೆಳ್ಳಗಿರುತ್ತದೆ, ಆ ಪಿಕ್ಸೆಲ್‌ನಲ್ಲಿ ಸ್ವಲ್ಪ ಕೂದಲು, ಸ್ವಲ್ಪ ಎಲೆ. ನಮ್ಮ ಫೈಲಿನ ಮಾಸ್ಕ್‌ನಲ್ಲಿ ಇದ್ದದ್ದು ಪೆನ್ ಟೂಲ್‌ನಿಂದ ಎಳೆದ ಒಂದು ಗೆರೆ, ಅದಕ್ಕೆ ಎಲ್ಲೆಡೆ ಒಂದೇ ಸಮನಾದ ಫೆದರ್, ಅಂದರೆ ಅಂಚಿನ ಮಸುಕು. ಸೀರೆಯ ಅಂಚಿಗೆ, ಕುರ್ಚಿಯ ಕೈಗೆ ಅದು ಸರಿ. ಅದನ್ನೇ ತಲೆಯ ಮೇಲೂ ಎಳೆದಿದ್ದಾರೆ. ಗೆರೆಯ ಹೊರಗಿನ ಕೂದಲು ಹೋಯಿತು, ಗೆರೆಯ ಒಳಗೆ ಕೂದಲ ನಡುವಿನ ಹಸಿರು ಉಳಿಯಿತು. ಎಳೆ ಎಳೆ ಎಂದವರು ಒಂದು ಎಳೆಯನ್ನೂ ಮುಟ್ಟಿರಲಿಲ್ಲ.

ಮೂಲ ಫೈಲಿನಿಂದ ಅವಳು ಮತ್ತೆ ಮಾಡಿದಳು, ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು Select and Mask ಒಳಗೆ, ಕೂದಲಿನಂಥ ಅಂಚನ್ನು ತಾನೇ ಹುಡುಕುವ Refine Edge Brush ಅನ್ನು ಕೂದಲ ಅಂಚಿನ ಮೇಲೆ ಆಡಿಸಿದಳು. ಅರ್ಧ ಬಂತು. ಆದರೆ ಬಿಸಿಲು ಬಿದ್ದ ಎಲೆಗಳು ಕೂದಲಿನಷ್ಟೇ ಬೆಳ್ಳಗಿದ್ದಲ್ಲಿ ಎಲೆಯ ಚೂರುಗಳೂ ಜೊತೆಗೆ ಬಂದವು. ಗಿಜಿಬಿಜಿ ಹಿನ್ನೆಲೆಯಲ್ಲಿ ಆ ಬ್ರಷ್ ಸೋಲುವುದೇ ಹೀಗೆ. ಅದನ್ನು ಬಿಟ್ಟು ಚಾನೆಲ್‌ಗಳಿಗೆ ಹೋದಳು. ಚಿತ್ರ ಎಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೂದು ಚಿತ್ರಗಳ ಕೂಡಿಕೆ. ಹಸಿರೆಲೆಯಲ್ಲಿ ನೀಲಿಯ ಅಂಶ ತೀರಾ ಕಡಿಮೆ, ಹಾಗಾಗಿ ನೀಲಿ ಚಾನೆಲ್‌ನಲ್ಲಿ ಎಲೆಗಳೆಲ್ಲ ಕಪ್ಪಾಗಿ ಕಂಡವು. ಬಿಳಿ ಕೂದಲಿನಲ್ಲಿ ಮೂರೂ ಇರುವುದರಿಂದ ಅದು ಹೊಳೆಯುತ್ತಲೇ ಉಳಿಯಿತು. ನಾನು ಆ ಕಪ್ಪಿನ ಮೇಲೆ ಅಜ್ಜಿಯ ಒಂದೊಂದೇ ಎಳೆಯನ್ನು ಕಂಡೆ. ಎಲ್ಲವೂ ಇದ್ದವು, ಒಂದೂ ಎಲ್ಲಿಗೂ ಹೋಗಿರಲಿಲ್ಲ!

ಆ ಚಾನೆಲ್‌ನ ಪ್ರತಿ ಮಾಡಿಕೊಂಡು, Ctrl+L ಒತ್ತಿ ಲೆವೆಲ್ಸ್‌ನಲ್ಲಿ ಎಲೆಯನ್ನು ಇನ್ನಷ್ಟು ಕಪ್ಪಾಗಿಸಿ, ಕೂದಲನ್ನು ಇನ್ನಷ್ಟು ಬಿಳಿಯಾಗಿಸಿದಳು. ಲೆವೆಲ್ಸ್‌ನ ಸ್ಲೈಡರ್‌ಗಳನ್ನು ಪೂರ್ತಿ ಎಳೆಯಲಿಲ್ಲ. ಎಳೆದರೆ ನಡುವಿನ ಬೂದು ಸತ್ತು ಕೂದಲು ತಂತಿಯ ತುಂಡುಗಳಾಗುತ್ತದೆ ಎಂದಳು. ಉಳಿದ ಮಾಸಲು ಎಲೆಗಳ ಮೇಲೆ ಓವರ್‌ಲೇ ಮೋಡ್‌ನಲ್ಲಿಟ್ಟ ಕಪ್ಪು ಬ್ರಷ್ ಹಾಯಿಸಿದಳು. ಅದು ಗಾಢ ಬೂದನ್ನು ಕಪ್ಪಾಗಿಸುತ್ತದೆ, ಅಪ್ಪಟ ಬಿಳಿಯನ್ನು ಮುಟ್ಟುವುದಿಲ್ಲ. ಮುಖ, ಸೀರೆಯ ಒಳಭಾಗವನ್ನು ಸಾಧಾರಣ ಬಿಳಿ ಬ್ರಷ್‌ನಿಂದ ತುಂಬಿದಳು. ನೀಲಿ ಡ್ರಮ್ಮು ಮಾತ್ರ ನೀಲಿ ಚಾನೆಲ್‌ನಲ್ಲಿ ಬೆಳ್ಳಗೆ ಕಂಡಿತು. ಅದು ತಲೆಯಿಂದ ದೂರವಿದ್ದದ್ದರಿಂದ ಕೈಯಿಂದಲೇ ಅಳಿಸಿದಳು.

ಕೆಂಚನಿಗೆ ನೀಲಿ ಚಾನೆಲ್ ಆಗಲಿಲ್ಲ. ಕೆಂಬಣ್ಣದ ರೋಮದಲ್ಲೂ ನೀಲಿ ಕಡಿಮೆ, ಎಲೆಯ ಜೊತೆ ಅವನೂ ಕಪ್ಪಾಗಿಬಿಟ್ಟ. ಅವನಿಗೆ ಕೆಂಪು ಚಾನೆಲ್‌ನಿಂದ ಬೇರೆ ಮಾಸ್ಕ್ ಮಾಡಿ ಎರಡನ್ನೂ ಸೇರಿಸಿದಳು. ಒಂದು ಚಿತ್ರಕ್ಕೆ ಒಂದೇ ಮಾಸ್ಕ್ ಸಾಲದು ಎಂಬುದನ್ನು ಆ ಸ್ಟುಡಿಯೋದವರಿಗೆ ಯಾರಾದರೂ ಹೇಳಬೇಕು.

ಇಷ್ಟಾದರೂ ಅಂಚಿನಲ್ಲಿ ಹಸಿರು ಉಳಿಯಿತು. ಪಿಕ್ಸೆಲ್‌ನಲ್ಲಿ ಮೊದಲೇ ಬೆರೆತ ಬಣ್ಣವನ್ನು ಮಾಸ್ಕ್ ತೆಗೆಯಲಾರದು. ಅಂಚಿಗೆ ಹತ್ತಿದ ಹಿನ್ನೆಲೆಯ ಬಣ್ಣ ತೆಗೆಯಲು Decontaminate Colors ಎಂಬ ಆಯ್ಕೆ ಇದೆ, ಆದರೆ ಹೆಚ್ಚು ಏರಿಸಿದರೆ ಕೂದಲಿನ ಬಣ್ಣವೇ ಹೊರಕ್ಕೆ ಬಳಿದಂತಾಗುತ್ತದೆ ಎಂದು ಅವಳು ಬೇರೆ ದಾರಿ ಹಿಡಿದಳು. ಮೇಲೊಂದು ಲೇಯರ್ ಅಂಟಿಸಿ, ಅದನ್ನು ಕಲರ್ ಮೋಡ್‌ನಲ್ಲಿಟ್ಟು, ಕೂದಲಿನ ಬಣ್ಣವನ್ನೇ ತೆಗೆದುಕೊಂಡು ಅಂಚಿಗೆ ಬಳಿದಳು. ಹಸಿರು ಹೋಯಿತು, ಎಳೆಗಳ ಬೆಳಕು ನೆರಳು ಹಾಗೇ ಉಳಿಯಿತು. ಬೆನ್ನ ಹಿಂದಿನ ಎಲೆಗಳಲ್ಲಿ ಬಿಸಿಲು ಫಳಫಳಿಸಿ ಪೂರ್ತಿ ಬಿಳಿಯಾದ ಒಂದೆರಡು ಜಾಗಗಳಲ್ಲಿ ಯಾವ ಚಾನೆಲ್ಲೂ ಕೆಲಸ ಮಾಡಲಿಲ್ಲ. ಅಲ್ಲಿನ ಕೆಲವು ಎಳೆಗಳನ್ನೂ ಕೆಂಚನ ಮೀಸೆಯ ತುದಿಯನ್ನೂ ಮೂಲ ಚಿತ್ರ ನೋಡುತ್ತ ಸಣ್ಣ ಬ್ರಷ್‌ನಲ್ಲಿ ಬರೆದಳು. ಬರೆದದ್ದನ್ನು ನನಗೆ ಹೇಳಿಯೇ ಬರೆದಳು. ಅಷ್ಟು ಪ್ರಾಮಾಣಿಕತೆಯನ್ನೇ ನಾನು ದುಡ್ಡು ಕೊಟ್ಟವರಿಂದ ನಿರೀಕ್ಷಿಸಿದ್ದು.

ಆದ್ದರಿಂದ ಕೇಳಿ: ಗಿಡಮರಗಳ ಮುಂದೆ ತೆಗೆದ ಚಿತ್ರದ ಮಾದರಿಯನ್ನೇ ತೋರಿಸಲು ಹೇಳಿ, ಅದರ ಮೂಲವನ್ನೂ ತೋರಿಸಲು ಹೇಳಿ. ನಿಮಗೆ ಬೇಕಾದ ಬಣ್ಣದ ಮೇಲೆ, ಜೊತೆಗೆ ಒಮ್ಮೆ ಕಪ್ಪಿನ ಮೇಲೆ, ಅವರ ಕಂಪ್ಯೂಟರ್‌ನಲ್ಲೇ 100% ಗಾತ್ರದಲ್ಲಿ ತಲೆಯ ಅಂಚನ್ನು ನೋಡದೆ ಒಪ್ಪಿಗೆ ಕೊಡಬೇಡಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರಕ್ಕೆ ಒಪ್ಪಿಗೆ ಬೇಡವೇ ಬೇಡ. ಫೈಲಿನ ಅಳತೆ ಕೇಳಿ. "ಕಟಿಂಗ್ ಮಾತ್ರ ನೋಡಿ" ಎಂದರೆ ಮುಂಗಡ ವಾಪಸ್ ಕೇಳಿ.

ನನ್ನ 3,500 ರೂಪಾಯಿ ಇನ್ನೂ ಬಂದಿಲ್ಲ. ಎರಡು ಮಾಸ್ಕ್‌ಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು ಅವರಿಗೆ ಕಳುಹಿಸಿದೆ. "ಇಷ್ಟು ಟೈಮ್ ಹಾಕಿದರೆ ನಮಗೆ ಗಿಟ್ಟುವುದಿಲ್ಲ ಮೇಡಂ" ಎಂದು ಉತ್ತರ ಬಂತು. ಆ ಮಾತನ್ನು ಮೊದಲ ದಿನವೇ ಹೇಳಿದ್ದರೆ ನಾನು ಹೆಚ್ಚು ಹಣ ಕೊಡುತ್ತಿದ್ದೆ, ಇಲ್ಲವೇ ಬೇರೆಯವರಲ್ಲಿಗೆ ಹೋಗುತ್ತಿದ್ದೆ. ಈಗ ಅವರು ನನ್ನ ಫೋನ್ ಎತ್ತುವುದಿಲ್ಲ.